ಚಾಪೆಯ ಮೇಲಿದ್ದ ತಾರೀಕು ಹೋಯಿತು, ಹೆಣಿಗೆ ಉಳಿಯಿತು

1994ರ ನಾಮಕರಣದ ಫೋಟೋ. ಕೆಳಗಿನ ಬಲಮೂಲೆಯಲ್ಲಿ ಚಾಪೆ, ಅದರ ಮೇಲೆ ಕಿತ್ತಳೆ ಬಣ್ಣದ '94 5 22. ಕ್ಯಾಮೆರಾ ಒತ್ತಿದ ಆ ತಾರೀಕನ್ನು ಅಳಿಸಬೇಕಿತ್ತು. ಗೋಡೆಯ ಮೇಲೆ ಬಿದ್ದಿದ್ದರೆ ಐದು ನಿಮಿಷದ ಕೆಲಸ. ಆದರೆ ಚಾಪೆಯ ಹೆಣಿಗೆ ಬಲು ಸಣ್ಣದು. ನಮ್ಮೂರಿನಲ್ಲಿ ಫೋಟೋ ತಿದ್ದುವ ಇನ್ನಿಬ್ಬರು ಆಗಲ್ಲ ಅಂತ ವಾಪಸ್ ಕಳಿಸಿದ್ದರು. ನಾನು 400 ರೂಪಾಯಿಗೆ ಒಪ್ಪಿಕೊಂಡೆ. ಮೂರು ರಾತ್ರಿ ಹೋಯಿತು.

ಮೊದಲು ಹೀಲ್ ಮಾಡಿದೆ, ಚಾಪೆ ಕಲಸಿದ ಹಿಟ್ಟಿನ ಹಾಗಾಯಿತು. ಕ್ಲೋನ್ ಮಾಡಿದರೆ ಒಂದೇ ಗೆರೆ ನಾಲ್ಕು ಸಲ ಕಾಣಿಸಿತು. ಆಮೇಲೆ ಫೋಟೋದ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ತೆಗೆದು ನೋಡಿದೆ. ಕೆಂಪಿನಲ್ಲಿ ಅಂಕಿ ಪೂರ್ತಿ ಬೆಳ್ಳಗೆ. ಹಸಿರಿನಲ್ಲಿ ಅಂಕಿಯ ನಡುಭಾಗ ಮಾತ್ರ ಕೆಟ್ಟಿತ್ತು. ನೀಲಿಯಲ್ಲಿ ಅಂಕಿಯೇ ಇಲ್ಲ, ಹೆಣಿಗೆ ಅಷ್ಟೂ ಇತ್ತು! ತಾರೀಕಿನ ಬೆಳಕು ಕೆಂಪು-ಕಿತ್ತಳೆ. ಅದು ಫಿಲ್ಮಿನ ನೀಲಿ ಪದರಕ್ಕೆ ಹೆಚ್ಚು ತಟ್ಟುವುದಿಲ್ಲ. ಅಂದರೆ ಚಿತ್ರ ಅಳಿದಿರಲಿಲ್ಲ.

ಆದರೆ ನಾನು ಹಿಡಿದುಕೊಂಡಿದ್ದು ಜೆಪೆಗ್. ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಅರ್ಧಕ್ಕೆ ಇಳಿಸಿಬಿಡುತ್ತದೆ, ಹಾಗಾಗಿ ನೀಲಿ ಚಾನೆಲ್ ಚೌಕಚೌಕವಾಗಿತ್ತು. ನೆಗೆಟಿವ್ ತರಿಸಿಕೊಂಡು 2400 ಡಿಪಿಐ, 16 ಬಿಟ್ ಟಿಫ್ ಆಗಿ ಸ್ಕ್ಯಾನ್ ಮಾಡಿಸಿದೆ. ಅದಕ್ಕೆ ಕೈಯಿಂದ 150 ಹೋಯಿತು.

ಜಿಂಪ್‌ನಲ್ಲಿ `Decompose` ಮಾಡಿ, ಅಂಕಿ ಇಲ್ಲದ ಚಾಪೆಯಲ್ಲಿ ಎರಡು ಜಾಗ ಅಳೆದೆ: ಬೆಳಕಿನ ಎಳೆ ಮತ್ತು ಕತ್ತಲ ಸಂದು. ನೆನಪಿನಿಂದ ಹೇಳುವುದಾದರೆ ನೀಲಿಯಲ್ಲಿ 120 ಮತ್ತು 45, ಹಸಿರಿನಲ್ಲಿ 170 ಮತ್ತು 70, ಕೆಂಪಿನಲ್ಲಿ 205 ಮತ್ತು 90. ನೀಲಿಯ ನಕಲಿಗೆ `Curves` ಹಾಕಿ 120 ಅನ್ನು 170ಕ್ಕೆ, 45 ಅನ್ನು 70ಕ್ಕೆ ಎಳೆದು, ಅಂಕಿಯ ನಡುಭಾಗದಲ್ಲಿ ಮಾತ್ರ ಹಸಿರಿಗೆ ಅಂಟಿಸಿದೆ. ಆಮೇಲೆ ಹೀಗೆ ಸರಿಹೋದ ಹಸಿರಿನಿಂದ ಅದೇ ರೀತಿ ಕೆಂಪನ್ನು ಕಟ್ಟಿದೆ. ನೇರ ನೀಲಿಯಿಂದ ಕೆಂಪು ಕಟ್ಟಿದ್ದೂ ಉಂಟು, ಆದರೆ ನೀಲಿಯಲ್ಲಿ ಫಿಲ್ಮಿನ ಕಾಳು ಒರಟು, ಕಣ್ಣಿಗೆ ಹೊಡೆಯುತ್ತದೆ.

ಕೆಂಪಿನ ಹೊಳಪು ಅಂಕಿಯ ಆಚೆಗೂ ಹತ್ತು ಪಿಕ್ಸೆಲ್‌ನಷ್ಟು ಹರಡಿತ್ತು. ಕೆಂಪಿನ ಮಾಸ್ಕ್ ಅಷ್ಟು ಅಗಲ ಇರಲೇಬೇಕು. ನಾನು ಮೊದಲು ಕಿರಿದು ಮಾಡಿದ್ದೆ, ಅಂಕಿಯ ಸುತ್ತ ಕೆಂಪು ಗೆರೆ ಉಳಿಯಿತು. ಕೊನೆಯ 2 ಚಾಪೆಯ ಹಸಿರು ಪಟ್ಟಿಯ ಮೇಲಿತ್ತು. ಅಲ್ಲಿ ಬಣ್ಣದ ಲೆಕ್ಕವೇ ಬೇರೆ, ಹಾಗಾಗಿ ಬೇರೆ ಮಾಸ್ಕ್, ಬೇರೆ ಕರ್ವ್. ಹೊಂದಿತೋ ಇಲ್ಲವೋ ನೋಡಲು ಕೆಂಪು ಚಾನೆಲ್ ಒಂದನ್ನೇ ತೆರೆಯಿರಿ. ಅಂಕಿಯ ನೆರಳು ಇದ್ದರೆ ಅಲ್ಲೇ ಕಾಣುತ್ತದೆ. ಅಂಚಿನ ಕಾಳನ್ನು ಹೊಂದಿಸುವ ನನ್ನ ಕೈಚಳಕವನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ಸುಮ್ನೆ ಕುತೂಹಲಕ್ಕೆ ತಾರೀಕು ಬಿದ್ದ ಕೆಂಪು ಸೀರೆಯ ಅಂಚಿನ ಮೇಲೂ ಮಾಡಿ ನೋಡಿದೆ. ನೀಲಿಯಲ್ಲಿ ಕೆಂಪು ಬಟ್ಟೆ ಕಪ್ಪಗೆ ಮುಚ್ಚಿಹೋಗಿರುತ್ತದೆ, ತೆಗೆಯಲು ಏನೂ ಇರುವುದಿಲ್ಲ. ಅಲ್ಲಿ ಈ ದಾರಿ ನಡೆಯಲಿಲ್ಲ.

ಚಾಪೆ ಮಾತ್ರ ಗೆದ್ದಿತು. ವಾಪಸ್ ಕಳಿಸಿದ್ದ ಇಬ್ಬರಲ್ಲಿ ಒಬ್ಬರಿಗೆ ಪ್ರಿಂಟ್ ತೋರಿಸಿದೆ. ಭೂತಗನ್ನಡಿ ಹಿಡಿದು ಹುಡುಕಿದರು, ತಾರೀಕು ಎಲ್ಲಿತ್ತು ಅಂತ ಅವರಿಗೆ ಗೊತ್ತಾಗಲಿಲ್ಲ.