15 ಚೀಲ ಸಿಮೆಂಟ್ ಯಾಕೆ ಸಾಲಲಿಲ್ಲ?

ಬಾಗಲಕೋಟೆಯ ನಮ್ಮ ಮನೆಗೆ 20 ಅಡಿ ಉದ್ದ, 12 ಅಡಿ ಅಗಲ, 5 ಇಂಚು ದಪ್ಪದ ಸ್ಲ್ಯಾಬ್, ಅಂದರೆ 100 ಘನ ಅಡಿ. ಸಿಮೆಂಟ್, ಉಸುಕು, ಖಡಿ 1:1.5:3 ಮಿಶ್ರಣ, ಒಟ್ಟು 5.5 ಪಾಲು ಎಂದು 100ನ್ನು 5.5ರಿಂದ ಭಾಗಿಸಿ, ಬಂದ ಸುಮಾರು 18 ಘನ ಅಡಿ ಸಿಮೆಂಟಿಗೆ 15 ಚೀಲ ತರಿಸಿದ್ದೆ. ಮೂರರಲ್ಲಿ ಎರಡು ಪಾಲು ಹಾಕುವಷ್ಟರಲ್ಲೇ ಖಾಲಿ.

"ತಮ್ಮಾ, ಖಡಿ ನಡುವಿನ ಸಂದು ಲೆಕ್ಕಕ್ಕ ಹಿಡದಿಲ್ಲ ನೀ" ಅಂದರು ಗೌಂಡಿ ಕಾಕಾ. 10 ಲೀಟರ್ ಬಕೆಟ್ಟಿನ ತುಂಬ ಖಡಿ ಹಾಕಿ ನೀರು ಸುರಿದರು. ನಾಲ್ಕು ಲೀಟರಿಗೂ ಹೆಚ್ಚು ಹಿಡಿಯಿತು!

ಆ ಸಂದಿಗೆ ಉಸುಕು ಇಳಿಯುತ್ತದೆ, ಉಸುಕಿನ ಸಂದಿಗೆ ಸಿಮೆಂಟ್ ರಾಡಿ. ಹೀಗಾಗಿ ಒಣಗಿದ್ದಾಗ ಸುಮಾರು 154 ಘನ ಅಡಿ ಇದ್ದದ್ದು ಕಲಸಿದ ಮೇಲೆ 100ಕ್ಕೆ ಇಳಿಯುತ್ತದೆ. ಚೆಲ್ಲಿ ಹೋಗುವುದೂ ಇದರಲ್ಲೇ ಸೇರಿದೆ.

154ನ್ನು 5.5ರಿಂದ ಭಾಗಿಸಿದರೆ 28 ಘನ ಅಡಿ ಸಿಮೆಂಟ್. ಚೀಲಕ್ಕೆ ಸುಮಾರು 1.24 ಘನ ಅಡಿಯಂತೆ 23 ಚೀಲ. ಇನ್ನೂ 8 ಚೀಲ ತಂದು, ಹಾಕಿದ ಅಂಚು ಬಿಗಿಯುವ ಮೊದಲೇ ಮುಗಿಸಿದೆವು.