ಟೋಕನ್ ಕರೆಯುವ ಮುಂಚಿನ ನಾಲ್ಕು ನಿಮಿಷ

ನನ್ನ ಕ್ಲಿನಿಕ್ಕು ಹಾಸನ ಜಿಲ್ಲೆಯ ಒಂದು ತಾಲೂಕು ಪಟ್ಟಣದಲ್ಲಿದೆ. ಚಳಿ ಶುರುವಾಯಿತೆಂದರೆ ಸಂತೆಯ ದಿನ ಹಾಲ್‌ನಲ್ಲಿ ಕೂತವರಲ್ಲಿ ಅರ್ಧ ಜನ ಕೆಮ್ಮುತ್ತಿರುತ್ತಾರೆ. ಉಳಿದವರು ಬಿಪಿ, ಶುಗರ್, ಬಸುರಿ ತಪಾಸಣೆಗೆ ಬಂದವರು. ಬಿಪಿ ತೋರಿಸಲು ಬಂದ ಅಜ್ಜಿ ಇಲ್ಲಿಂದಲೇ ಕೆಮ್ಮು ಹತ್ತಿಸಿಕೊಂಡು ಮನೆಗೆ ಹೋಗಬಾರದು ಅಂತ ನಾನು ಮೊದಲ ಟೋಕನ್ ಕರೆಯುವ ಮುಂಚೆ ಹಾಲ್‌ಗೆ ಬಂದು ನಿಂತು ಮಾತಾಡಲು ಶುರು ಮಾಡಿದೆ. ನಾಲ್ಕು ನಿಮಿಷ ಮೀರಿದರೆ ಜನರ ಕಣ್ಣು ನನ್ನ ಮುಖ ಬಿಟ್ಟು ಕೈಯಲ್ಲಿನ ಚೀಟಿಗೆ ಹೋಗುತ್ತದೆ. ಆದ್ದರಿಂದ ರೋಗಗಳ ಹೆಸರು ಹೇಳುವ ಆಸೆ ಬಿಟ್ಟು, ಮನೆಗೆ ಹೋದ ಮೇಲೂ ಮಾಡಬಹುದಾದ್ದನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಮೊದಲು ನಾನೇ ಕೆಮ್ಮಿ ತೋರಿಸುತ್ತೇನೆ. ಹಾಲ್‌ನಲ್ಲಿ ಯಾರೋ ಕೆಮ್ಮಿದ್ದನ್ನೇ ಉದಾಹರಣೆ ಮಾಡಿಕೊಂಡರೆ ಎಲ್ಲರೂ ಅವರ ಕಡೆ ತಿರುಗುತ್ತಾರೆ. ಆಮೇಲೆ ಆ ಮನುಷ್ಯ ಕೆಮ್ಮು ನುಂಗಿಕೊಂಡು ಕೂರುತ್ತಾನೆ, ಒಳಗೆ ಬಂದಾಗಲೂ ಎಷ್ಟು ದಿನದಿಂದ ಅಂತ ನಿಜ ಹೇಳುವುದಿಲ್ಲ. ಹಾಗಾಗಿ ಅಂಗೈಗೆ ಕೆಮ್ಮುವವನು ನಾನು. ಅದೇ ಕೈಯಲ್ಲಿ ಬಾಗಿಲ ಚಿಲಕ ಹಿಡಿಯುತ್ತೇನೆ, ಕುಡಿಯುವ ನೀರಿನ ನಲ್ಲಿ ತಿರುಗಿಸುತ್ತೇನೆ, ಮುಂದೆ ಕೂತ ಮಗುವಿಗೆ ಶೇಕ್‌ಹ್ಯಾಂಡ್ ಕೊಡಲು ಕೈ ಚಾಚುತ್ತೇನೆ. ಅಷ್ಟು ಹೊತ್ತಿಗೆ ಮಗುವಿನ ತಾಯಿ ಅದರ ಕೈ ಹಿಂದಕ್ಕೆ ಎಳೆದುಕೊಂಡಿರುತ್ತಾಳೆ. ವಿವರಣೆ ಬೇಕಾಗುವುದಿಲ್ಲ. ಆಮೇಲೆ ಮೊಣಕೈ ಮಡಿಸಿ, ಮೂಗು ಬಾಯಿ ಎರಡೂ ತೋಳಿಗೆ ಒತ್ತಿಕೊಂಡು ಕೆಮ್ಮುವುದನ್ನು ಎಲ್ಲರ ಕೈಯಲ್ಲೂ ಮಾಡಿಸುತ್ತೇನೆ. ಮೊಣಕೈ ಮಡಿಕೆಯಿಂದ ಯಾರೂ ಚಿಲಕ ತೆಗೆಯುವುದಿಲ್ಲ, ಅಷ್ಟೇ ಕಾರಣ.

ಹೆಂಗಸರು ಸೆರಗು ತರುತ್ತಾರೆ, ಗಂಡಸರು ಟವೆಲ್. ಬೇಡ ಅನ್ನುವುದಿಲ್ಲ, ಮುಚ್ಚದೆ ಕೆಮ್ಮುವುದಕ್ಕಿಂತ ಅದು ಎಷ್ಟೋ ವಾಸಿ. "ಅದೇ ಸೆರಗಲ್ಲಿ ಮಗೂ ಬಾಯಿ ಒರೆಸ್ಬೇಡಿ ಕಣಮ್ಮ" ಅಂತ ಮಾತ್ರ ಹೇಳುತ್ತೇನೆ. ಕೈಗೇ ಕೆಮ್ಮಿಬಿಟ್ಟರೆ ಸೋಪು ಹಚ್ಚಿ 20 ಸೆಕೆಂಡು ತೊಳೆಯಬೇಕು.

ತೋಳು ತಡೆಯುವುದು ದೊಡ್ಡ ಹನಿಗಳನ್ನು. ಸಣ್ಣ ಕಣಗಳು ಗಾಳಿಯಲ್ಲೇ ತೇಲುತ್ತಾ ಇರುತ್ತವೆ, ಅವಕ್ಕೆ ಮಾತು ಸಾಲದು, ಹಾಲ್ ಬದಲಾಗಬೇಕು. ಒಂದು ಊದುಬತ್ತಿ ಹಚ್ಚಿಕೊಂಡು ಹಾಲ್ ತುಂಬಾ ಓಡಾಡಿ ನೋಡಿದೆ. ಹೊಗೆ ಚೀಟಿ ಬರೆಯುವ ಮೇಜಿನ ಹತ್ತಿರವೇ ಸುತ್ತುತ್ತಿತ್ತು, ಯಾಕೆಂದರೆ ಹಿಂದಿನ ಕಿಟಕಿಗೆ ಔಷಧಿ ಪೆಟ್ಟಿಗೆಗಳು ಅಡ್ಡವಿದ್ದವು. ಅವನ್ನು ತೆಗೆಸಿ ಕಿಟಕಿ ಬಿಚ್ಚಿದ ಮೇಲೆ ಹೊಗೆ ಬಾಗಿಲಿಂದ ಕಿಟಕಿಗೆ ನೇರ ಹೋಯಿತು. ಈಗ ಕೆಮ್ಮುವವರ ಬೆಂಚು ಆ ಕಿಟಕಿಯ ಪಕ್ಕದಲ್ಲಿದೆ. ಚೀಟಿ ಬರೆಯುವ ಹುಡುಗಿ ಹೆಸರು ಕೇಳುವಾಗಲೇ ಕೆಮ್ಮು ಇದೆಯಾ ಅಂತ ಕೇಳಿ ಮಾಸ್ಕ್ ಕೊಡುತ್ತಾಳೆ. ಒಂದೇ ಮಾಸ್ಕ್ ಇದ್ದರೆ ಅದು ಸಿಗಬೇಕಾದದ್ದು ಕೆಮ್ಮುವವರಿಗೆ. ಊರಲ್ಲಿ ಇದು ಉಲ್ಟಾ ನಡೆಯುತ್ತದೆ.

ಮಾತಿನ ನಡುಭಾಗದಲ್ಲಿ ಒಂದು ನಿಮಿಷ ನಾನು ಸುಮ್ಮನಿರುತ್ತೇನೆ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತಾ, ಮಡಿಲಲ್ಲಿ ಸಣ್ಣ ಮಕ್ಕಳಿರುವವರೆಲ್ಲ ಮಗುವಿನ ಉಸಿರು ಎಣಿಸಬೇಕು. ಅಂಗಿ ಮೇಲೆತ್ತಿ ಹೊಟ್ಟೆ ನೋಡಬೇಕು, ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಬೇಡ, ಕೂಸುಗಳ ಉಸಿರು ನಿಂತು ನಿಂತು ಓಡುತ್ತದೆ. ಎರಡು ತಿಂಗಳೊಳಗಿನ ಮಗುವಿಗೆ 60, ಎರಡು ತಿಂಗಳಿಂದ ವರ್ಷ ತುಂಬುವವರೆಗೆ 50, ವರ್ಷದಿಂದ ಐದು ವರ್ಷದವರೆಗೆ 40. ಅಷ್ಟು ಮುಟ್ಟಿದರೆ ನ್ಯುಮೋನಿಯಾ ಇರಬಹುದು ಅಂತ ಹಿಡಿದು ಅವತ್ತೇ ತೋರಿಸಬೇಕು.

ಒಮ್ಮೆ ಒಬ್ಬ ಅಜ್ಜಿ ಮೊಮ್ಮಗನ ಉಸಿರು ಎಣಿಸಿ "ನಲವತ್ತೆಂಟು ಬಂತು ಡಾಕ್ಟ್ರೇ" ಅಂದರು. ಮಗುವಿಗೆ ಒಂದೂವರೆ ವರ್ಷ. ಅದೇ ಅಂಕಿ ಹತ್ತು ತಿಂಗಳ ಕೂಸಿನದಾಗಿದ್ದರೆ ಮಿತಿಯ ಒಳಗೇ ಇತ್ತು, ಇವನಿಗೆ ಹೆಚ್ಚು. ಮೈ ಸುಡುತ್ತಿತ್ತು. ಜ್ವರಕ್ಕೂ ಉಸಿರು ಏರುತ್ತದೆ, ಹಾಗಾಗಿ ಪ್ಯಾರಸಿಟಮಾಲ್ ಕೊಟ್ಟು ಜ್ವರ ಇಳಿದ ಮೇಲೆ ಮತ್ತೆ ಎಣಿಸಿದೆ. ಆಗಲೂ 46. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಹೋಗುತ್ತಿರಲಿಲ್ಲ, ಆಕ್ಸಿಜನ್ 97 ಇತ್ತು, ಹಾಲು ಕುಡಿಯುತ್ತಿದ್ದ. ಅದಕ್ಕೇ ಅಡ್ಮಿಟ್ ಮಾಡದೆ ಅಮಾಕ್ಸಿಸಿಲಿನ್ ಬರೆದು ಎರಡು ದಿನ ಬಿಟ್ಟು ಬರಹೇಳಿದೆ. ಪಕ್ಕೆ ಒಳಕ್ಕೆ ಹೋಗುತ್ತಿದ್ದರೆ, ಏನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಫಿಟ್ಸ್ ಬಂದರೆ ಉಸಿರು ಎಣಿಸುತ್ತಾ ಕೂರುವ ಕೆಲಸವೇ ಇಲ್ಲ, ನೇರ ದೊಡ್ಡ ಆಸ್ಪತ್ರೆಗೆ. ದೊಡ್ಡವರಲ್ಲಿ ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಎದೆನೋವು, ಮಾತು ಗೊಂದಲವಾಗುವುದು. ಇಂಥವರಿಗೆ ನಮ್ಮಲ್ಲಿ ಟೋಕನ್ ಇಲ್ಲ ಅಂತ ಗಟ್ಟಿಯಾಗಿ ಹೇಳುತ್ತೇನೆ, ಮುಂದೆ ಕೂತವರು ಆಮೇಲೆ ಜಗಳ ತೆಗೆಯಬಾರದಲ್ಲ.

ಎರಡು ವಾರದ ಮಾತೇ ಕಷ್ಟದ್ದು. ಸಾಮಾನ್ಯ ನೆಗಡಿಯ ಕೆಮ್ಮು ಕೂಡ ಎರಡೂವರೆ ವಾರ ಎಳೆಯುವುದುಂಟು, ಜನ ಮಾತ್ರ ಒಂದು ವಾರಕ್ಕೇ ಹೋಗಬೇಕು ಅಂದುಕೊಂಡು ಐದನೇ ದಿನ ಆಂಟಿಬಯಾಟಿಕ್ ಕೇಳುತ್ತಾರೆ. ಅವರಿಗೆ ಕಾಯಿರಿ ಅನ್ನಬೇಕು. ಎರಡು ವಾರ ದಾಟಿದವರಿಗೆ ಕಾಯಬೇಡಿ ಅನ್ನಬೇಕು, ಯಾಕೆಂದರೆ ಅಲ್ಲಿಂದ ಮುಂದೆ ಕ್ಷಯ ಇಲ್ಲ ಅಂತ ಖಚಿತ ಮಾಡಿಕೊಳ್ಳುವುದು ನಮ್ಮ ದೇಶದ ಪದ್ಧತಿ. ಅವರಲ್ಲಿ ಹೆಚ್ಚಿನವರಿಗೆ ಕ್ಷಯ ಇರುವುದಿಲ್ಲ. ಹಾಲ್‌ನಲ್ಲಿ ಆ ಹೆಸರು ಎತ್ತಿದರೆ ಪಕ್ಕದವರು ಸರಿದು ಕೂರುತ್ತಾರೆ, ಹಾಗಾಗಿ "ಎರಡು ವಾರ ಆಗಿದ್ರೆ ಕಫ ಪರೀಕ್ಷೆ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ" ಅಂತಷ್ಟೇ ಹೇಳುತ್ತೇನೆ. ಕಫದಲ್ಲಿ ರಕ್ತ ಕಂಡರೆ, ತೂಕ ಇಳಿದರೆ, ರಾತ್ರಿ ಬೆವರಿದರೆ ಎರಡು ವಾರವನ್ನೂ ಕಾಯಬಾರದು.

ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುವ ಒಬ್ಬರು ಹೆಂಡತಿಯ ಬಿಪಿಗೆಂದು ಬಂದಿದ್ದರು. ಮಾತು ಮುಗಿದ ಮೇಲೆ ಒಳಗೆ ಬಂದು "ನಂದು ಧೂಳಿನ ಕೆಮ್ಮು ಸಾರ್, ತಿಂಗಳಾಯ್ತು" ಅಂದರು. ಬೆಲ್ಟ್ ನೋಡಿದೆ, ಹಳೇ ತೂತಿನಿಂದ ಎರಡು ತೂತು ಒಳಕ್ಕೆ ಬಂದಿತ್ತು. ಮೆಡಿಕಲ್ ಸ್ಟೋರ್‌ನಿಂದ ಸಿರಪ್ಪಿನ ಮೇಲೆ ಸಿರಪ್ಪು ಕುಡಿದಿದ್ದರು. ಕಫದ ಡಬ್ಬಿ ಕೊಟ್ಟೆ. ತುಂಬಾ ಜನ ಎಂಜಲು ತುಂಬಿಸಿ ತರುತ್ತಾರೆ, ಅದರಲ್ಲಿ ಏನೂ ಸಿಗದೆ ರಿಪೋರ್ಟ್ ನೆಗೆಟಿವ್ ಬಂದುಬಿಡಬಹುದು. ಆದ್ದರಿಂದ ಹೇಳಿಕೊಡಬೇಕು: ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ಗಟ್ಟಿ ಕಫ ತೆಗೆಯಬೇಕು, ಅದೂ ಬಯಲಲ್ಲಿ, ಬಚ್ಚಲಲ್ಲಿ ಅಲ್ಲ. ಒಂದು ಸ್ಯಾಂಪಲ್ ಆಗಲೇ, ಇನ್ನೊಂದು ಬೆಳಿಗ್ಗೆ ಎದ್ದ ಕೂಡಲೇ. ತಾಲೂಕು ಆಸ್ಪತ್ರೆಯ ಟ್ರೂನಾಟ್ ಯಂತ್ರದಲ್ಲಿ ಪಾಸಿಟಿವ್ ಬಂತು, ಆರು ತಿಂಗಳ ಔಷಧಿ ಶುರುವಾಯಿತು. ಹೆಂಡತಿ ಮಕ್ಕಳನ್ನೂ ತಪಾಸಣೆಗೆ ಕರೆಸಿದರು.

ಮಾತು ಮುಗಿದಾಗ ಬರುವ ಪ್ರಶ್ನೆ ಮಾತ್ರ ಯಾವಾಗಲೂ ಸಿರಪ್ಪಿನದೇ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಸಿರಪ್ ಕೊಡಲೇಬಾರದು, ಐದರೊಳಗೆ ಸಾಮಾನ್ಯವಾಗಿ ಬೇಡ ಅಂತ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವೇ ಹೇಳಿದೆ, ಮಧ್ಯಪ್ರದೇಶದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತ ಮೇಲೆ. ವರ್ಷ ದಾಟಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ಕೊಡಬಹುದು. ವರ್ಷದೊಳಗೆ ಜೇನು ನೆಕ್ಕಿಸಬೇಡಿ. ಈ ಕೊನೇ ಮಾತಿಗೆ ಅಜ್ಜಿಯಂದಿರು ಒಪ್ಪುವುದಿಲ್ಲ, ವಾದ ನಡೆಯುತ್ತಿರುವಾಗಲೇ ಹುಡುಗಿ ಒಂದನೇ ನಂಬರ್ ಕರೆಯುತ್ತಾಳೆ.