ಎರಡು ಸಲ ಕಳಿಸುವುದು: ಗ್ಯಾಂಬ್ಲಿಂಗ್ ಸೈಟಿಗೆ USDT ಹಾಕುವಾಗ ನನ್ನ ಪದ್ಧತಿ

ಸೈಟಿಗೆ USDT ಹಾಕುವಾಗ ಮೊದಲು ಚಿಕ್ಕ ಮೊತ್ತ ಕಳಿಸಿ, ಅದು ಎಲ್ಲಿಗೆ ಹೋಯ್ತು ಅಂತ ನೋಡಿ, ಆಮೇಲೆ ಉಳಿದದ್ದು ಕಳಿಸಿ. ಇದನ್ನು ನಾನು ಗೆಳೆಯರಿಗೆ ಹೇಳುತ್ತಲೇ ಬಂದಿದ್ದೇನೆ. ಎಲ್ಲರದ್ದೂ ಒಂದೇ ಉತ್ತರ: ಸುಮ್ನೆ ಎರಡು ಸಲ ಫೀ ಯಾಕೆ ಕಟ್ಟಬೇಕು? ಹೋದ ತಿಂಗಳು ಅದೇ ಮಾತು ಆಡಿದ ಗೆಳೆಯನೊಬ್ಬನ ಸುಮಾರು 580 USDT ಈ ಪದ್ಧತಿಯಿಂದ ಉಳಿಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವನು ಹಾಕಬೇಕಿದ್ದದ್ದು 600 USDT. ಸೈಟಿನ ಡೆಪಾಸಿಟ್ ಪುಟದಲ್ಲಿ 0x ಇಂದ ಶುರುವಾಗುವ ವಿಳಾಸವಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ ERC20, ಅಂದರೆ ಇಥೀರಿಯಂ ನೆಟ್‌ವರ್ಕ್, ಅಂತ ಇತ್ತು. ಅವನ ಎಕ್ಸ್‌ಚೇಂಜಿನಲ್ಲಿ ವಿತ್‌ಡ್ರಾ ಮಾಡುವಾಗ ಎರಡು ನೆಟ್‌ವರ್ಕ್ ಕಾಣಿಸಿದವು. ERC20 ಫೀ ಜಾಸ್ತಿ, ಬಿಎನ್‌ಬಿ ಸ್ಮಾರ್ಟ್ ಚೈನಿನ BEP20 ಫೀ ಕಡಿಮೆ. ಅವನು ಕಡಿಮೆಯದನ್ನೇ ಒತ್ತಿದ. ಎಕ್ಸ್‌ಚೇಂಜ್ ತಕರಾರು ಮಾಡಲಿಲ್ಲ. ಹೇಗೆ ಮಾಡುತ್ತದೆ? ಇಥೀರಿಯಂ, ಬಿಎನ್‌ಬಿ ಸ್ಮಾರ್ಟ್ ಚೈನ್, ಪಾಲಿಗಾನ್, ಆರ್ಬಿಟ್ರಮ್ ಎಲ್ಲದರಲ್ಲೂ ವಿಳಾಸದ ರೂಪ ಒಂದೇ. ಟ್ರಾನ್ ಆಗಿದ್ದರೆ ಅದು T ಇಂದ ಶುರುವಾಗುತ್ತದೆ, 0x ವಿಳಾಸ ಹಾಕಿದರೆ ವಾಲೆಟ್ ಅಲ್ಲೇ ತಡೆಯುತ್ತದೆ. ಹಾಗಾಗಿ ಹಣ ಕಳೆಯುವುದು ಜಾಸ್ತಿ ಈ 0x ಬಳಗದಲ್ಲೇ.

ನನ್ನ ಒತ್ತಾಯಕ್ಕೆ ಅವನು ಮೊದಲು 20 ಮಾತ್ರ ಕಳಿಸಿದ. ಅರ್ಧ ಗಂಟೆಯಾದರೂ ಬ್ಯಾಲೆನ್ಸ್ ಬರಲಿಲ್ಲ. "ನೆಟ್‌ವರ್ಕ್ ನಿಧಾನ ಇರಬೇಕು, ಉಳಿದದ್ದೂ ಕಳಿಸಿಬಿಡ್ತೀನಿ" ಅಂದ. ತಡೆದೆ.

ಆಮೇಲೆ ಆ ವಿಳಾಸವನ್ನು ಬಿಎನ್‌ಬಿ ಚೈನಿನ ವಹಿವಾಟು ತೋರಿಸುವ ಎಕ್ಸ್‌ಪ್ಲೋರರ್ ಆದ ಬಿಎಸ್‌ಸಿಸ್ಕ್ಯಾನ್‌ನಲ್ಲಿ ತೆರೆದೆವು. 20 USDT ಅಲ್ಲೇ ಕುಳಿತಿತ್ತು, ಹೊರಗೆ ಹೋದ ವಹಿವಾಟು ಒಂದೂ ಇಲ್ಲ. ಅದೇ ವಿಳಾಸವನ್ನು ಇಥೀರಿಯಂನ ಎಕ್ಸ್‌ಪ್ಲೋರರ್ ಆದ ಈಥರ್‌ಸ್ಕ್ಯಾನ್‌ನಲ್ಲಿ ತೆರೆದಾಗ ಚಿತ್ರವೇ ಬೇರೆ. ಅವನ ಹಳೆಯ ಡೆಪಾಸಿಟ್‌ಗಳು ಒಳಗೆ ಬಂದಿವೆ, ಸ್ವಲ್ಪ ಹೊತ್ತಿನಲ್ಲೇ ಪೂರ್ತಿ ಬೇರೊಂದು ದೊಡ್ಡ ವಾಲೆಟ್‌ಗೆ ಹೋಗಿವೆ. ಸೈಟುಗಳು ಮಾಡುವುದೇ ಹಾಗೆ. ಪ್ರತಿ ಬಳಕೆದಾರನಿಗೂ ಒಂದು ವಿಳಾಸ ಕೊಟ್ಟು, ಬಂದದ್ದನ್ನು ಒಂದು ಕಡೆ ಗುಡಿಸಿಕೊಳ್ಳುತ್ತವೆ. ಆದರೆ ಆ ಗುಡಿಸುವ ಪ್ರೋಗ್ರಾಂ ತನಗೆ ಹೇಳಿಕೊಟ್ಟ ಚೈನ್ ಮತ್ತು ಟೋಕನ್ ಮಾತ್ರ ನೋಡುತ್ತದೆ. ಬೇರೆ ಚೈನಿನಲ್ಲಿ ಅದೇ ವಿಳಾಸಕ್ಕೆ ಎಷ್ಟು ಬಂದು ಬಿದ್ದರೂ ಅದಕ್ಕೆ ಗೊತ್ತಾಗುವುದೇ ಇಲ್ಲ.

"ಕೀ ಅವರ ಹತ್ತಿರ ಇದೆಯಲ್ಲ, ತೆಗೆದುಕೊಡಲಿ" ಅಂತ ಗೆಳೆಯನ ವಾದ. ಇಲ್ಲಿ ಇನ್ನೊಂದು ವಿಷಯ ನೋಡಬೇಕು. ಆ ವಿಳಾಸ ಸಾಮಾನ್ಯ ವಾಲೆಟ್ ಆಗಿದ್ದರೆ ಒಂದೇ ಪ್ರೈವೇಟ್ ಕೀ ಈ ಎಲ್ಲ ಚೈನ್‌ಗಳಲ್ಲೂ ಕೆಲಸ ಮಾಡುತ್ತದೆ, ಸೈಟ್ ಮನಸ್ಸು ಮಾಡಿದರೆ ಕೊಡಬಹುದು. ಈಥರ್‌ಸ್ಕ್ಯಾನ್‌ನಲ್ಲಿ ಈ ವಿಳಾಸಕ್ಕೆ Contract ಅನ್ನುವ ಟ್ಯಾಬ್ ಇತ್ತು. ಅಂದರೆ ಅದು ವಾಲೆಟ್ ಅಲ್ಲ, ಬಂದದ್ದನ್ನು ಮುಂದಕ್ಕೆ ದಾಟಿಸುವ ಚಿಕ್ಕ ಕಾಂಟ್ರಾಕ್ಟ್. ಅದಕ್ಕೆ ಪ್ರೈವೇಟ್ ಕೀ ಅನ್ನುವುದೇ ಇಲ್ಲ. ಬಿಎಸ್‌ಸಿಸ್ಕ್ಯಾನ್‌ನಲ್ಲಿ ಆ ಟ್ಯಾಬ್ ಇರಲಿಲ್ಲ, ಅಲ್ಲಿ ಕೋಡ್ ಇಲ್ಲದ ಬರೀ ವಿಳಾಸ. ಆ ಕಾಂಟ್ರಾಕ್ಟನ್ನು ಹುಟ್ಟಿಸಿದವರು ಅದೇ ವಿಳಾಸ ಬರುವ ಹಾಗೆ ಆ ಚೈನಿನಲ್ಲೂ ಮತ್ತೆ ಹುಟ್ಟಿಸಿದರೆ ಮಾತ್ರ ಹಣ ಹೊರಗೆ ಬರುತ್ತದೆ. ಎಲ್ಲ ಕಾಂಟ್ರಾಕ್ಟಿನಲ್ಲೂ ಅದು ಆಗುವುದಿಲ್ಲ. ಆಗುವ ಕಡೆಯೂ 20 USDTಗೆ ಯಾರು ಆ ಕೆಲಸ ಮಾಡುತ್ತಾರೆ? ಸಪೋರ್ಟ್‌ನವರು "ಬೆಂಬಲವಿಲ್ಲದ ನೆಟ್‌ವರ್ಕ್" ಅಂತ ಒಂದು ಸಾಲು ಬರೆದು ಮುಗಿಸಿದರು. ಆ 20 ಈಗಲೂ ಅಲ್ಲಿ ಕಾಣಿಸುತ್ತದೆ. 600 ಹೋಗಿದ್ದರೂ ಬರುತ್ತಿದ್ದದ್ದು ಅದೇ ಒಂದು ಸಾಲು.

ಹಣ ಕಾಣಿಸುತ್ತದೆ, ಸಿಗುವುದಿಲ್ಲ. ಈ ಸ್ಥಿತಿಯಲ್ಲೇ "ರಿಕವರಿ ಮಾಡಿಕೊಡ್ತೀವಿ" ಅನ್ನುವವರು ಮೆಸೇಜ್ ಮಾಡುತ್ತಾರೆ. ಅವನಿಗೂ ಬಂತು. ಮುಂಗಡ ಕೇಳಿದರು, ಆಮೇಲೆ ವಾಲೆಟ್ ಪೂರ್ತಿ ಅವರ ಕೈಗೆ ಹೋಗುವ ಸೀಡ್ ಫ್ರೇಸ್ ಕೇಳಿದರು. ಮೇಲೆ ಹೇಳಿದ ಕಾರಣ ಗೊತ್ತಿದ್ದರೆ ಇವರಿಂದ ಏನೂ ಆಗದು ಅಂತ ಗೊತ್ತಾಗುತ್ತದೆ.

ಈಗ ನನ್ನ ಪದ್ಧತಿಯ ವಿವರ. ಮೊದಲು 1 USDT ಕಳಿಸಿ ನೋಡುತ್ತಿದ್ದೆ, ಅದು ಕೆಲಸಕ್ಕೆ ಬರಲಿಲ್ಲ. ಬಹಳ ಸೈಟುಗಳಲ್ಲಿ ಕನಿಷ್ಠ ಡೆಪಾಸಿಟ್ ಇರುತ್ತದೆ, ಅದಕ್ಕಿಂತ ಕಡಿಮೆ ಹೋದದ್ದು ಲೆಕ್ಕಕ್ಕೆ ಸೇರುವುದಿಲ್ಲ. ದಾರಿ ಸರಿಯಿದ್ದರೂ ತಪ್ಪಾಗಿದೆ ಅನ್ನಿಸುತ್ತದೆ. ಹಾಗಾಗಿ ಪರೀಕ್ಷೆಯ ಮೊತ್ತ ಕನಿಷ್ಠಕ್ಕಿಂತ ಸ್ವಲ್ಪ ಮೇಲೇ ಇರಬೇಕು. ಎಕ್ಸ್‌ಚೇಂಜ್ ಫೀ ಕಡಿಯುವುದು ಆ ಮೊತ್ತದಿಂದಲೇ ಆಗಿದ್ದರೆ ಅದನ್ನೂ ಸೇರಿಸಿ ಕಳಿಸಬೇಕು. ಇಲ್ಲಾಂದ್ರೆ ಕೂದಲೆಳೆಯಲ್ಲಿ ಕಮ್ಮಿ ಬೀಳುತ್ತದೆ.

ಬ್ಯಾಲೆನ್ಸ್ ಬಂದಿತು ಅಂತ ಅಲ್ಲಿಗೆ ನಿಲ್ಲಬೇಡಿ. ಎಕ್ಸ್‌ಪ್ಲೋರರ್‌ನಲ್ಲಿ ಆ ಮೊತ್ತವನ್ನು ಗುಡಿಸಿಕೊಂಡಿದ್ದಾರಾ ನೋಡಿ. ಕೆಲವು ಸೈಟು ಚಿಕ್ಕ ಮೊತ್ತವನ್ನು ತಕ್ಷಣ ಗುಡಿಸುವುದಿಲ್ಲ, ಅದಕ್ಕೆ ನಾನು ಹಳೆಯ ಡೆಪಾಸಿಟ್‌ಗಳು ಯಾವ ವಾಲೆಟ್‌ಗೆ ಹೋಗಿದ್ದವು ಅಂತ ಬರೆದಿಟ್ಟು ಹೋಲಿಸುತ್ತೇನೆ. ನಕಲಿ ಸೈಟನ್ನು ಗುರುತಿಸಲು ಇಲ್ಲಿ ಇನ್ನೊಂದು ಹೆಜ್ಜೆ ಇದೆ. ಅದನ್ನು ಬರೆದರೆ ನಾಳೆಯೇ ನಕಲಿ ಮಾಡುವವರೂ ಓದುತ್ತಾರೆ, ಅದಕ್ಕೆ ಬಿಟ್ಟಿದ್ದೇನೆ.

ಎರಡನೇ ಸಲ ಕಳಿಸುವಾಗಲೇ ನಿಜವಾದ ಅಪಾಯ. ಹೆಚ್ಚಿನವರು ವಾಲೆಟ್‌ನ ಹಿಸ್ಟರಿಯಿಂದ ವಿಳಾಸ ಕಾಪಿ ಮಾಡುತ್ತಾರೆ. ನೀವು ಕಳಿಸಿದ ಕೂಡಲೇ, ಮೊದಲ ಮತ್ತು ಕೊನೆಯ ಅಕ್ಷರಗಳು ಒಂದೇ ಇರುವ ವಿಳಾಸವೊಂದನ್ನು ತಯಾರಿಸಿ ಅದರಿಂದ ಪುಡಿಗಾಸು ಅಥವಾ ಸೊನ್ನೆ ಮೊತ್ತದ ವಹಿವಾಟು ನಿಮ್ಮ ಹಿಸ್ಟರಿಗೆ ತುರುಕುವವರಿದ್ದಾರೆ. 2024ರ ಮೇ ತಿಂಗಳಲ್ಲಿ ಒಬ್ಬರು ಸರಿಯಾದ ವಿಳಾಸಕ್ಕೆ 0.05 ಈಥರ್ ಪರೀಕ್ಷೆಗೆ ಕಳಿಸಿ, ಆಮೇಲೆ ಹೀಗೆ ತುರುಕಿದ ವಿಳಾಸಕ್ಕೆ ಸುಮಾರು 6.8 ಕೋಟಿ ಡಾಲರ್ ಬೆಲೆಯ WBTC ಕಳಿಸಿಬಿಟ್ಟರು. ಪರೀಕ್ಷೆ ಮಾಡಿದ್ದೂ ದಂಡ. ಕಳ್ಳ ಮಾತುಕತೆಗೆ ಬಂದದ್ದಕ್ಕೆ ಅದರಲ್ಲಿ ಬಹುಪಾಲು ವಾಪಸ್ ಬಂತು, ನಮ್ಮ 600ಕ್ಕೆ ಯಾರೂ ಮಾತುಕತೆಗೆ ಬರುವುದಿಲ್ಲ.

ನಾನು ಎರಡು ಸಲವೂ ಡೆಪಾಸಿಟ್ ಪುಟದಿಂದಲೇ ಕಾಪಿ ಮಾಡುತ್ತೇನೆ. ಹೋಲಿಸುವುದು ತುದಿಯ ಅಕ್ಷರಗಳನ್ನಲ್ಲ, ನಡುವಿನ ಎಂಟನ್ನು. ನಡುವಿನದ್ದೂ ಸೇರಿಸಿ ಹೊಂದುವ ವಿಳಾಸ ತಯಾರಿಸಬೇಕಾದರೆ ಅವರಿಗೆ ಬೇಕಾಗುವ ಲೆಕ್ಕಾಚಾರ ವಿಪರೀತ ಹೆಚ್ಚುತ್ತದೆ.

ಅಡ್ರೆಸ್ ಬುಕ್‌ನಲ್ಲಿ ಸೇವ್ ಮಾಡಿಡುವುದನ್ನೂ ಒಂದಷ್ಟು ದಿನ ಪ್ರಯತ್ನಿಸಿದೆ. ಗ್ಯಾಂಬ್ಲಿಂಗ್ ಸೈಟಿಗೆ ಅದು ಹೊಂದುವುದಿಲ್ಲ. ಕೆಲವು ಸೈಟುಗಳು ಮಧ್ಯವರ್ತಿ ಪೇಮೆಂಟ್ ಕಂಪನಿ ಮೂಲಕ ತೆಗೆದುಕೊಳ್ಳುತ್ತವೆ, ಅಲ್ಲಿ ವಿಳಾಸಕ್ಕೆ ಅವಧಿ ಇರುತ್ತದೆ, ಪುಟದಲ್ಲೇ ಗಡಿಯಾರ ಓಡುತ್ತಿರುತ್ತದೆ. ಅವಧಿ ಮುಗಿದ ವಿಳಾಸಕ್ಕೆ ಹಾಕಿದರೆ ಅವರು ಕೈಯಾರೆ ಹುಡುಕಿ ಸೇರಿಸಬೇಕು. ಸೇರಿಸುತ್ತಾರೆ ಅನ್ನುವ ಖಾತ್ರಿ ಇಲ್ಲ. ಇಂಥ ಕಡೆ ಪರೀಕ್ಷೆಗೆ ಒಂದು ವಿಳಾಸ, ದೊಡ್ಡ ಮೊತ್ತಕ್ಕೆ ಇನ್ನೊಂದು ಬರುತ್ತದೆ. ಹಾಗಾಗಿ ನನ್ನ ಪದ್ಧತಿ ಅಲ್ಲಿ ನೆಟ್‌ವರ್ಕ್ ಸರಿ ಇದೆ ಅನ್ನುವಷ್ಟನ್ನು ಮಾತ್ರ ಹೇಳುತ್ತದೆ, ವಿಳಾಸದ ಬಗ್ಗೆ ಏನೂ ಹೇಳುವುದಿಲ್ಲ. ಅಂಥ ಸೈಟಿಗೆ ನಾನು ದೊಡ್ಡ ಮೊತ್ತ ಹಾಕುವುದನ್ನೇ ಬಿಟ್ಟಿದ್ದೇನೆ.

ಫೀ ವಿಷಯಕ್ಕೆ ಬಂದರೆ, ಟ್ರಾನ್‌ನಲ್ಲಿ ಸ್ವಂತ ವಾಲೆಟ್‌ನಿಂದ ಕಳಿಸುವಾಗ ಒಂದು ವಿಚಿತ್ರ ಗಮನಿಸಿದೆ. ಹಿಂದೆಂದೂ USDT ಬರದ ಹೊಸ ವಿಳಾಸಕ್ಕೆ ಸುಮಾರು 1,30,000 ಎನರ್ಜಿ, ಅಂದರೆ ಟ್ರಾನ್ ಫೀ ಲೆಕ್ಕ ಹಾಕುವ ಘಟಕ, ಬೇಕು. ಈಗಾಗಲೇ USDT ಇರುವ ವಿಳಾಸಕ್ಕೆ ಹೆಚ್ಚು ಕಡಿಮೆ ಅದರ ಅರ್ಧ. ಅಂದರೆ ಪರೀಕ್ಷೆಯ ಹಣ ಇನ್ನೂ ಅಲ್ಲೇ ಇರುವಾಗ ದೊಡ್ಡದನ್ನು ಕಳಿಸಿದರೆ ಎರಡನೇ ಫೀ ಅರ್ಧಕ್ಕೆ ಇಳಿಯುತ್ತದೆ. ಎರಡು ಸಲ ಕಳಿಸಿದರೆ ಖರ್ಚು ಎರಡರಷ್ಟು ಅನ್ನುತ್ತಿದ್ದ ಗೆಳೆಯನಿಗೆ ಇದನ್ನೂ ತೋರಿಸಿದೆ. ಅವನು ಈಗ ERC20 ಫೀ ಕಟ್ಟಿ, ಎರಡು ಸಲ ಕಳಿಸುತ್ತಾನೆ.